ತಂಗಿಯ ಲಗ್ನಪತ್ರಿಕೆಯ ಕೆಳಗಿನ ಅರ್ಧ

ನನ್ನ ತಂಗಿಯ ಲಗ್ನ ಯಲಬುರ್ಗಿಯಲ್ಲಿ, ತವರುಮನೆಯಲ್ಲಿ ಆಯಿತು. ದೊಡ್ಡ ಯುದ್ಧ ನಡೆದಿದ್ದ ವರ್ಷಗಳವು. ನಾನು ಕೊಪ್ಪಳಕ್ಕೆ ಕೊಟ್ಟ ಹೆಣ್ಣು. ಛಾಪಖಾನೆ ಇದ್ದದ್ದು ಕೊಪ್ಪಳದಲ್ಲೇ ಆದ್ದರಿಂದ ಲಗ್ನಪತ್ರಿಕೆ ಅಚ್ಚು ಹಾಕಿಸುವ ಕೆಲಸ ನನಗೂ ನಮ್ಮ ಮನೆಯವರಿಗೂ ಬಂತು.

ತಂಗಿಯದು ಒಂದೇ ಹಟ: ಕುಷ್ಟಗಿಯ ಸೋದರತ್ತೆ ಲಗ್ನಕ್ಕೆ ಬರಲೇಬೇಕು. ಅವ್ವ ಹಾಸಿಗೆ ಹಿಡಿದಿದ್ದಾಗ ಎರಡು ವರ್ಷ ತಂಗಿಯನ್ನು ಸಾಕಿದವಳು ಆ ಅತ್ತೆ. ನನ್ನ ಲಗ್ನಕ್ಕೆ ಆಕೆ ಬಂದಿರಲಿಲ್ಲ. ಅಪ್ಪ ಖುದ್ದಾಗಿ ಕರೆಯಲು ಹೋಗದೆ ಪತ್ರಿಕೆ ಮಾತ್ರ ಕಳಿಸಿದ್ದ. "ಊರಿಗೆಲ್ಲಾ ಹಂಚಿದ ಹಾಳಿ ನನಗೂ ಕಳಿಸ್ಯಾನ. ನಾ ಅಂವಗ ಒಡಹುಟ್ಟಿದಾಕಿನೋ, ಊರ ಮಂದ್ಯಾಗ ಒಬ್ಬಾಕಿನೋ?" ಎಂದು ಅತ್ತೆ ಕೂತುಬಿಟ್ಟಿದ್ದಳು. ಅಂದಿನಿಂದ ಅಣ್ಣ-ತಂಗಿಗೆ ಮಾತಿಲ್ಲ.

"ಅಕ್ಕಾ, ಈ ಸಲ ಪತ್ರಿಕಿ ಮಾತಾಡಿದಂಗ ಇರಲಿ. ಓದಿದ್ರ ಅತ್ತೀಗೆ ಎದ್ದು ಬರಬೇಕನಸ್ಬೇಕು," ಎಂದಳು ತಂಗಿ.

ಇಬ್ಬರೂ ಕೂತು ಬರೆದೆವು. ಮೇಲಿನ ಅರ್ಧ ಮುಟ್ಟಲಿಲ್ಲ. ದೇವರ ಹೆಸರು, ತಿಥಿ, ಮುಹೂರ್ತ, ಎರಡೂ ಮನೆತನದ ಹೆಸರು ಇದ್ದಂತೆಯೇ ಇರಬೇಕಲ್ಲ. ಕೆಳಗೆ ಎಲ್ಲರ ಪತ್ರಿಕೆಯಲ್ಲೂ ಇರುತ್ತಿದ್ದ ಸಾಲು ಇದು: "ತಾವು ಸಹಕುಟುಂಬ ಸಪರಿವಾರರಾಗಿ ನಾಲ್ಕು ದಿನ ಮುಂಚಿತವಾಗಿ ಆಗಮಿಸಿ, ಮಂಗಲಕಾರ್ಯವನ್ನು ಸಾಂಗಗೊಳಿಸಿ, ವಧೂವರರನ್ನು ಆಶೀರ್ವದಿಸಬೇಕಾಗಿ ಪ್ರಾರ್ಥನೆ." ಅದನ್ನು ಹೀಗೆ ಮಾಡಿದೆವು: "ಮನಿಮಂದಿ ಎಲ್ಲಾರೂ ಬರ್ರಿ. ನಾಲ್ಕು ದಿನ ಮೊದಲ ಬರ್ರಿ. ನೀವಿಲ್ಲಂದ್ರ ನಮ್ಮ ಕೈ ಓಡೂದಿಲ್ಲ. ಹುಡುಗಿ ನಿಮ್ಮ ದಾರಿ ನೋಡತಾಳ."

ಛಾಪಖಾನೆಯವರು ಕನ್ನಡಕ ಹಣೆಗೇರಿಸಿದರು. ಲಗ್ನದ ಒಕ್ಕಣೆಯ ಅಚ್ಚುಮೊಳೆಗಳನ್ನು ಅವರು ಜೋಡಿಸಿ, ದಾರ ಕಟ್ಟಿ ಇಟ್ಟೇಬಿಟ್ಟಿರುತ್ತಿದ್ದರು. ಹೆಸರು, ತಿಥಿ ಬದಲಿಸಿದರೆ ಮುಗಿಯಿತು.

"ಯವ್ವಾ, ಈ ಕಟ್ಟಿನ ಮ್ಯಾಲೆ ಎಷ್ಟು ಲಗ್ನ ಆಗ್ಯಾವು! ಒಂದರಾಗೂ ಹಿಂಗ ಸಂತ್ಯಾಗ ಕರದಂಗ ಇರಲಿಲ್ಲ."

"ಸಂತ್ಯಾಗ ಕರದ್ರ ಮಂದಿ ಬರತಾರಲ್ರಿ," ಎಂದೆ.

ಗೊಣಗುತ್ತಲೇ ಒಂದೊಂದೇ ಮೊಳೆ ಹೊಸದಾಗಿ ಜೋಡಿಸಿದರು. ಕರಡಚ್ಚು ನೋಡಿದ ಅಪ್ಪ "ಮಂದಿ ನಗತಾರ" ಎಂದ. ಆದರೆ ಬೇಡವೆನ್ನಲಿಲ್ಲ. ಮೂಲೆಗೆ ಅರಿಸಿನ ಹಚ್ಚಿ ಎಲ್ಲ ಕಡೆಗೂ ಕಳಿಸಿದೆವು. ಕುಷ್ಟಗಿಯದನ್ನು ಆ ಕಡೆ ಹೊರಟಿದ್ದ ಜೋಳದ ಗಾಡಿಯವನ ಕೈಯಲ್ಲಿ ಕೊಟ್ಟೆವು.

ನಾಲ್ಕು ದಿನ ಮುಂಚೆ ಬನ್ನಿ ಎಂದು ಹಳೆಯ ಒಕ್ಕಣೆಯೂ ಕರೆಯುತ್ತಿತ್ತು. ಅದನ್ನು ಯಾರೂ ಎಂದೂ ನಿಜವೆಂದು ತಿಳಿದದ್ದಿಲ್ಲ, ಅಕ್ಷತೆಯ ಹೊತ್ತಿಗೆ ಬಂದು ಉಂಡು ಹೋಗುತ್ತಿದ್ದರು. ನಮ್ಮದನ್ನು ಮಾತ್ರ ಎಲ್ಲರೂ ನಂಬಿಬಿಟ್ಟರು! ಸರಿಯಾಗಿ ನಾಲ್ಕು ದಿನ ಮೊದಲು ಸಿದ್ದಾಪುರದವರು ಎರಡು ಗಾಡಿ ತುಂಬಿ ಬಂದರು, ಅವರ ಹಿಂದೆಯೇ ಗಂಗಾವತಿಯವರು. ಹಂದರದ ಗಳ ಇನ್ನೂ ಅಂಗಳದಲ್ಲಿ ಬಿದ್ದಿದ್ದವು.

"ಮಾವಾ, ನಿಮ್ಮ ಕೈ ಓಡವಲ್ದಂತಲ್ಲ, ನಾವು ಎರಡು ಗಾಡಿ ಕೈ ತಂದೀವಿ ನೋಡ್ರಿ," ಎಂದ ಸಿದ್ದಾಪುರದ ಅಳಿಯ, ನಮ್ಮ ದೊಡ್ಡಪ್ಪನ ಮಗಳ ಗಂಡ.

ಅಪ್ಪ ಒಳಗೆ ಬಂದು ಹಲ್ಲು ಕಡಿದ. "ಇವರಿಗೆಲ್ಲಾ ಈಗಲೇ ಬರ್ರಿ ಅಂದವರು ಯಾರು?"

"ನೀವ ಅಂದೀರಿ. ತಳದಾಗ ನಿಮ್ಮ ಹೆಸರೈತಿ," ಎಂದಳು ಅವ್ವ, ರೊಟ್ಟಿ ಬಡಿಯುವುದು ನಿಲ್ಲಿಸದೆ.

ತಂಗಿ ಪ್ರತಿ ಗಾಡಿಗೂ ಬಾಗಿಲಿಗೆ ಓಡುತ್ತಿದ್ದಳು. ಅತ್ತೆ ಬರಲಿಲ್ಲ. ಸಂಜೆ ಜೋಳದ ಗಾಡಿಯವನು ಒಬ್ಬನೇ ಬಂದು ಎಲ್ಲರ ಮುಂದೆ ಹೇಳಿದ: "ಅಮ್ಮಾರು ಹೇಳಿ ಕಳಿಸ್ಯಾರ್ರಿ. ಈ ಮಾತು ನಮ್ಮಣ್ಣಂದಲ್ಲ, ಅಂವಗ ಇಷ್ಟು ಛಲೋ ಮಾತಾಡಾಕ ಬರಂಗಿಲ್ಲ. ಅವನ ಬಾಯಿಲೆ ಕೇಳಿದ್ರ ಬರತೀನಿ, ಇಲ್ಲಂದ್ರ ಇಲ್ಲ, ಅಂದ್ರು."

ಪಡಸಾಲೆಯಲ್ಲಿ ಕೂತವರೆಲ್ಲ ಅದೇ ಪತ್ರಿಕೆ ಓದಿ ಬಂದವರು. ಎಲ್ಲರೂ ಅಪ್ಪನ ಮುಖ ನೋಡಿದರು. ತಂಗಿ ನೋಡಲಿಲ್ಲ, ಒಳಗೆ ಹೋಗಿ ಬೀಸುವ ಕಲ್ಲು ತಿರುಗಿಸತೊಡಗಿದಳು. ಆ ಸಪ್ಪಳ ಕೇಳಿ ಅಪ್ಪ ಎದ್ದ. ಆಮೇಲೆ ರುಮಾಲು ಸುತ್ತುತ್ತ, "ನಸಕಿನ್ಯಾಗ ಗಾಡಿ ಹೂಡ್ರಿ," ಎಂದ.

ಮರುದಿನ ಸಂಜೆ ಅತ್ತೆಯ ಬಾಗಿಲಲ್ಲಿ ನಡೆದದ್ದನ್ನು ಗಾಡಿ ಹೊಡೆದ ಸಿದ್ದಾಪುರದ ಅಳಿಯನೇ ಆಮೇಲೆ ನಮಗೆ ಹೇಳಿದ್ದು. ಅಪ್ಪ ಹೊಸ್ತಿಲ ಮುಂದೆ ನಿಂತ. ಎರಡು ಸಲ ಕೆಮ್ಮಿದ. ಕೊನೆಗೆ ಅಂಗಿಯ ಕಿಸೆಯಿಂದ ಲಗ್ನಪತ್ರಿಕೆ ತೆಗೆದು, ಮೇಲಿನ ಅರ್ಧ ಬಿಟ್ಟು, ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. "ನೀವಿಲ್ಲಂದ್ರ ನಮ್ಮ ಕೈ ಓಡೂದಿಲ್ಲ" ಎನ್ನುವಲ್ಲಿ ತಡೆದು, "ನೀವು ಅಲ್ಲ, ನೀನು," ಎಂದು ತಾನೇ ತಿದ್ದಿದ.

"ಸಾಕು ಸಾಕು, ಓಣಿ ಮಂದಿ ಕೇಳಿಸ್ಕೊಳ್ಳಾಕ ಹತ್ಯಾರ," ಎಂದು ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳಂತೆ. "ಕಾಲು ತೊಳಕೊಂಡು ಒಳಗ ಬಾ. ಉಂಡು ಮಲಗು, ನಸಕಿನ್ಯಾಗ ಹೋಗೂಣು."

ಲಗ್ನಕ್ಕೆ ಎರಡು ದಿನ ಇರುವಾಗ, ಸಂಜೆ, ನಮ್ಮ ಬಾಗಿಲಲ್ಲಿ ಗಾಡಿ ಇಳಿದ ಅತ್ತೆ, ಕೊರಳಿಗೆ ಬಿದ್ದ ತಂಗಿಯ ಬೆನ್ನು ಸವರುತ್ತಲೇ ಪಡಸಾಲೆ ತುಂಬ ಕೂತ ಮಂದಿಯನ್ನು ಎಣಿಸಿದಳು.

"ಹೋಳಿಗಿಗೆ ಬ್ಯಾಳಿ ಎಷ್ಟು ತಗದಿಟ್ಟೀರಿ?" ಎಂದು ಕೇಳಿದಳು.

ಅವ್ವ ಹೇಳಿದಳು.

"ಅಯ್ಯ, ಇಷ್ಟು ಮಂದಿಗೆ ಅದು ಯಾವ ಮೂಲಿಗೆ ಸಾಲತೈತಿ!" ಎಂದು ಸೆರಗು ಸಿಗಿಸಿಕೊಂಡು ಅತ್ತೆ ನೆಟ್ಟಗೆ ಅಡುಗೆಮನೆಗೆ ನಡೆದಳು.