ಬಿಸಿಯಾಗಿದ್ದ ಡಯೋಡ್

ಅರವತ್ತರ ದಶಕದಲ್ಲಿ ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ನಾನು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ನನ್ನ ಹೆಂಡತಿಗೆ ಹಗಲೆಲ್ಲ ಜೊತೆಯಾಗಿದ್ದದ್ದು ಒಂಬತ್ತು ವೋಲ್ಟಿನ ಟ್ರಾನ್ಸಿಸ್ಟರ್ ರೇಡಿಯೋ. ಬ್ಯಾಟರಿ ಇಳಿದು ಹಾಡು ಕೀರಲಾದರೆ ಅವಳ ಮುಖ ಬಾಡುತ್ತಿತ್ತು. ಮನೆಯ ಕರೆಂಟಿನಿಂದಲೇ ಅದನ್ನು ನಡೆಸುವ ಪೆಟ್ಟಿಗೆಯೊಂದನ್ನು ಮಾಡಲು ಕೂತೆ.

ನಮ್ಮ ಬಡಾವಣೆಯ ಕರೆಂಟನ್ನು ನಂಬುವಂತಿರಲಿಲ್ಲ. ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್ ದಾಟಿ ಬಂದ ವೋಲ್ಟೇಜು ಸಂಜೆ ಹದಿನಾಲ್ಕಕ್ಕೆ ಇಳಿದರೆ ಬೆಳಗ್ಗೆ ಇಪ್ಪತ್ತಕ್ಕೆ ಏರುತ್ತಿತ್ತು. ರೇಡಿಯೋಗೆ ಸಮಾಂತರವಾಗಿ ಜೀನರ್ ಡಯೋಡ್ ಹಾಕಿದರೆ ಅದು ಹೆಚ್ಚಾದ ಕರೆಂಟನ್ನು ತನ್ನ ಮೂಲಕ ಹರಿಸಿ ಒಂಬತ್ತು ವೋಲ್ಟನ್ನು ಕಾಯುತ್ತದೆ. ಆದರೆ ಅದರ ಮುಂದೆ ಕರೆಂಟಿಗೆ ಮಿತಿ ಹಾಕುವ ತಕ್ಕ ರೆಸಿಸ್ಟರ್ ಇರಬೇಕು. ರೇಡಿಯೋ ಜೋರಾಗಿ ಹಾಡುವಾಗ, ಅವಳಿಗೆ ಸ್ಟೇಷನ್ ಕಾಣಲೆಂದು ನಾನು ಸೇರಿಸಿದ್ದ ಪುಟ್ಟ ದೀಪವೂ ಸೇರಿ, ನೂರು ಮಿಲಿಆಂಪಿಯರ್ ಬೇಕಿತ್ತು. ಜೀನರ್‌ಗೂ ಐದು ಉಳಿಯಬೇಕು. ಸಂಜೆಯ ಹದಿನಾಲ್ಕರಲ್ಲಿ ಒಂಬತ್ತು ಕಳೆದು ಉಳಿಯುವ ಐದು ವೋಲ್ಟಿಗೆ ನಲವತ್ತೇಳು ಓಮ್ ಸರಿಹೊಂದಿತು.

ಅಷ್ಟಕ್ಕೇ ಮುಗಿಯಲಿಲ್ಲ. ವೋಲ್ಟೇಜು ಇಪ್ಪತ್ತಾಗಿ ರೇಡಿಯೋ ಆಫ್ ಆಗಿದ್ದರೆ ಇನ್ನೂರ ಮೂವತ್ತಕ್ಕೂ ಹೆಚ್ಚು ಮಿಲಿಆಂಪಿಯರ್ ಪೂರ್ತಿ ಜೀನರ್ ಮೂಲಕವೇ ಹರಿಯಬೇಕು. ಎರಡು ವ್ಯಾಟಿಗೂ ಮಿಕ್ಕ ಬಿಸಿ. ಸಣ್ಣ ಡಯೋಡ್ ಸುಟ್ಟುಹೋಗುತ್ತದೆ. ದೊಡ್ಡದೊಂದನ್ನು ಹುಡುಕಿ ತಂದು, ಬಿಸಿ ಹೀರಿಕೊಳ್ಳಲೆಂದು ಅಗಲವಾದ ಅಲ್ಯೂಮಿನಿಯಂ ತಗಡಿಗೆ ಬಿಗಿದೆ.

"ರೇಡಿಯೋ ಸುಮ್ನಿದ್ದಾಗ್ಲೇ ಇದಕ್ಕೆ ಕಷ್ಟ ಜಾಸ್ತಿ," ಎಂದೆ.

ಅವಳು ನಕ್ಕಳು. "ಹಂಗಾದ್ರೆ ಆಫೇ ಮಾಡಲ್ಲ ಬಿಡಿ."

ಕೆಲವು ವಾರ ಹಾಗೆಯೇ ನಡೆಯಿತು. ಸಂಜೆ ಬಂದು ತಗಡು ಮುಟ್ಟಿದರೆ ಬೆಚ್ಚಗಷ್ಟೇ ಇರುತ್ತಿತ್ತು; ಕರೆಂಟಿನ ಬಹುಪಾಲು ರೇಡಿಯೋಗೇ ಹೋಗುತ್ತಿತ್ತು.

ಒಂದು ಸಂಜೆ ಬಂದಾಗ ವೋಲ್ಟೇಜು ಇಳಿದು ಕೋಣೆಯ ಬಲ್ಬು ಎಂದಿನಂತೆ ಮಂಕಾಗಿತ್ತು, ರೇಡಿಯೋ ಮೌನವಾಗಿತ್ತು. "ಈಗ ತಾನೇ ಆಫ್ ಮಾಡ್ದೆ. ಬೆಳಗ್ಗಿಂದ ಕೇಳ್ತಾನೇ ಇದ್ದೆ," ಎಂದಳು. ತಗಡು ಮುಟ್ಟಿದೆ. ಕೈ ಚುರ್ ಎಂದಿತು. ಅಷ್ಟು ದೊಡ್ಡ ತಗಡು ಅರೆಕ್ಷಣದಲ್ಲಿ ಹಾಗೆ ಕಾಯುವುದಿಲ್ಲ; ರೇಡಿಯೋ ಹಗಲೆಲ್ಲ ಆಫ್ ಆಗಿಯೇ ಇದ್ದಿರಬೇಕು. ಮರುದಿನವೂ ಅದೇ ಮಾತು, ಅದೇ ಬಿಸಿ.

ಮೂರನೆಯ ಸಂಜೆ ಅವಳ ಪಕ್ಕ ಕೂತು ಕೇಳಿದೆ. "ಸದ್ದಿಗೆ ಎದೆ ನೋಯತ್ತಾ?"

ಅವಳು ನನ್ನ ಕೈ ನೋಡಿದಳು. ತಗಡಿನ ಬಿಸಿ ನನಗೆ ನಿಜ ಹೇಳಿದೆಯೆಂದು ಅವಳಿಗೆ ಗೊತ್ತಾಗಿಹೋಯಿತು. "ಇಲ್ಲ. ಹಾಡು ಕೇಳಿದ್ರೆ ಇನ್ನೂ ಇರಬೇಕು ಅನ್ಸತ್ತೆ. ಅದಕ್ಕೇ ಬೇಡ ಅಂತ. ಇಷ್ಟು ಕಷ್ಟಪಟ್ಟು ಮಾಡಿದೀರಲ್ಲ, ನಿಮಗೆ ಹೇಗೆ ಹೇಳ್ಲಿ?"

ಎದ್ದು ಪೆಟ್ಟಿಗೆಗೆ ಕರೆಂಟು ಕೊಡುವ ಗೋಡೆಯ ಸ್ವಿಚ್ ಆರಿಸಿ ಮತ್ತೆ ಬಂದು ಕೂತೆ. ಅವಳು ನನ್ನ ಸುಟ್ಟ ಬೆರಳನ್ನು ಹಿಡಿದುಕೊಂಡಳು.

ಆ ತಿಂಗಳೇ ಅವಳು ಹೋದಳು. ರೇಡಿಯೋವನ್ನು ಅವಳ ತಂಗಿ ಕೇಳಿದಳು, ಕೊಟ್ಟೆ. "ಇದರ ಪೆಟ್ಟಿಗೆ ಎಲ್ಲಿ ಭಾವ?" ಎಂದಳು. ಅದನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೆ; ಬ್ಯಾಟರಿ ಹಾಕಿಕೋ ಎಂದೆ.