ಮುಚ್ಚೋಕೊಂದು ಗಂಟೆ, ತೆಗೆಯೋಕೊಂದು ಗಂಟೆ

ಪಿರಿಯಾಪಟ್ಟಣದ ಸಂತೆಯಲ್ಲಿ ವೀಳ್ಯದೆಲೆ ಮಾರುವ ಮಲ್ಲಾಜಮ್ಮನಿಗೆ ಓದು ಬಾರದು, ಮನೆಯಲ್ಲಿ ಗಡಿಯಾರವೂ ಇಲ್ಲ. ಆದರೆ ಎಲೆ ಬಾಡುವುದರೊಳಗೆ ಯಾವ ಸಂತೆಗೆ ಎಷ್ಟು ಹೊತ್ತಿಗೆ ಮುಟ್ಟಬೇಕೆಂಬ ಲೆಕ್ಕದಲ್ಲಿ ಅವಳನ್ನು ಮೀರಿಸಿದವರಿಲ್ಲ. ಹಾಗಾಗಿ ಕಾರ್ತಿಕ ಸೋಮವಾರ ಅತ್ತೆ ದೊಡ್ಡತಾಯಮ್ಮನನ್ನು ಹುಣಸೂರಿನಾಚೆಯ ಕಲ್ಲುಮಂಟಿಯ ಮಲ್ಲೇಶ್ವರನ ಗುಡಿಗೆ ಕರೆದೊಯ್ಯುವ ಕೆಲಸ ಅವಳ ತಲೆಗೇ ಬಿತ್ತು. ಮನೆಯ ಗಂಡಸರು ಎಂದಿನಂತೆ ಸಲಹೆ ಮಾತ್ರ ಕೊಟ್ಟರು.

ಅತ್ತೆಗೆ ಎರಡು ಕಣ್ಣಿಗೂ ಪೊರೆ. ಮಲ್ಲೇಶ್ವರನ ಗರ್ಭಗುಡಿಯೋ ಹಗಲಲ್ಲೂ ಕತ್ತಲು. ದೊಡ್ಡ ದೀಪದ ಮಂಗಳಾರತಿ ಎತ್ತಿದಾಗಲಷ್ಟೇ ಮುದುಕಿಗೆ ದೇವರ ಮುಖ ಕಂಡೀತು.

"ಮುಂದಿನ ಕಾರ್ತಿಕಕ್ಕೆ ಆ ಬೆಳಕೂ ಕಾಣಾಕಿಲ್ಲ ಕಣೆ. ಇದೊಂದು ಸಲ ತೋರ್ಸ್‌ಬುಡು," ಎಂದಿದ್ದಳು.

ಆ ಆರತಿ ದಿನಕ್ಕೆ ಎರಡೇ ಸಲ. ಮಧ್ಯಾಹ್ನದ್ದು ಮುಗಿದರೆ ಹನ್ನೆರಡಕ್ಕೆ ಬಾಗಿಲು ಮುಚ್ಚಿ ನಾಲ್ಕಕ್ಕೆ ತೆಗೆಯುತ್ತಾರೆ. ಇನ್ನೊಂದು ಆರತಿ ಸಂಜೆ ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತಿಗೆ ಊರಿಗೆ ಮರಳುವ ಬಸ್ಸಿಲ್ಲ. ಕಡೆಯ ಬಸ್ಸು ಐದಕ್ಕೆ.

ಎರಡನೇ ಮಹಾಯುದ್ಧದ ಕಾಲ. ಸರ್ಕಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಕೂತಿತ್ತು. ಬಸ್ಸು ಓಡುವುದು ಹೊಸ ಗಂಟೆಗೆ. ದೇವರಿಗೆ ಯಾವ ಯುದ್ಧ? ಅವನದು ಹಳೇ ಗಂಟೆಯೇ ಎಂದು ಮಲ್ಲಾಜಮ್ಮ ಲೆಕ್ಕ ಹಾಕಿದಳು. ಅಂದರೆ ಗುಡಿ ಮುಚ್ಚುವ ಹಳೇ ಹನ್ನೆರಡು ಬಸ್ಸಿನವರಿಗೆ ಒಂದು ಗಂಟೆ. ಬಸ್ಸಿನ ಗಂಟೆಯಲ್ಲಿ ಎಂಟಕ್ಕೆ ಹೊರಡುವುದು, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಕೆಮ್ಮುತ್ತಾ ಹನ್ನೊಂದಕ್ಕೆ ಮುಟ್ಟುವುದು, ಸಾಲಿನಲ್ಲಿ ಒಂದು ಗಂಟೆ. ಆದರೂ ಒಂದು ಗಂಟೆ ಕೈಯಲ್ಲಿ ಉಳಿಯುತ್ತದೆ.

ಎಲ್ಲವೂ ಹಾಗೇ ನಡೆಯಿತು. ಮುಂದೆ ಹತ್ತೇ ಜನ ಉಳಿದಿದ್ದಾಗ ಒಳಗೆ ಆರತಿಯ ಗಂಟೆ ಮೊಳಗಿ ನಿಂತಿತು, ಬಾಗಿಲು ದಡಾರನೆ ಮುಚ್ಚಿತು. ಗುಡಿಯ ಆಡಳಿತ ನೋಡುವ ಪಾರುಪತ್ತೇಗಾರ ಷಣ್ಮುಖಪ್ಪ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದ.

"ಹನ್ನೆರಡಾಯ್ತು. ನಾಲ್ಕಕ್ಕೆ ಬನ್ನಿ."

"ಎಲ್ಲಾಯ್ತು ಸ್ವಾಮಿ? ನಿಮ್ ನೆರಳು ನೋಡ್ಕಳಿ, ಇನ್ನೂ ಎದೆಯುದ್ದ ಬಿದ್ದೈತೆ!" ಎಂದಳು ಮಲ್ಲಾಜಮ್ಮ.

"ಸರ್ಕಾರದ ಗಂಟೆ ಕಣಮ್ಮ. ನೆರಳು ನೋಡಿ ಗುಡಿ ನಡೆಸೋಕಾಗುತ್ತಾ?" ಎಂದು ಅವನು ಊಟಕ್ಕೆ ನಡೆದೇಬಿಟ್ಟ.

ಮಿರ್ಲೆಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದವರು ಹೊತ್ತು ಮುಳುಗುವ ಮುಂಚೆ ಊರು ಸೇರಬೇಕಿತ್ತು. ಮುಚ್ಚಿದ ಬಾಗಿಲಿಗೇ ಕೈ ಮುಗಿದು ಎತ್ತು ಹೂಡಿದರು. ದೊಡ್ಡತಾಯಮ್ಮ ಕಂಬಕ್ಕೆ ಒರಗಿ, "ಬಾಗ್ಲಾದ್ರೂ ಕಂಡ್ತು ಬುಡು," ಎಂದಳು. ಬೈದಿದ್ದರೆ ಸೊಸೆಗೆ ಇಷ್ಟು ಉರಿಯುತ್ತಿರಲಿಲ್ಲ.

ಬುತ್ತಿ ಬಿಚ್ಚಿದಾಗ ಪಕ್ಕದಲ್ಲಿ ಹೂ ಮಾರುವ ಕುಳ್ಳಯ್ಯ ಮೆಲ್ಲಗೆ ಕೇಳಿದ: "ಐದರ ಬಸ್ಸಾ ಅಕ್ಕ? ಅಂಗಾದ್ರೆ ಬಾಗ್ಲು ತೆಗೆಯಾದ್ನೂ ನೋಡಾಕಿಲ್ಲ ನೀವು."

"ನಾಕಕ್ಕೆ ತೆಗೀತಾರಲ್ಲ?"

"ಹಳೇ ನಾಕು. ಬಸ್ಸಿನೋರ್ಗೆ ಅದು ಐದು. ಮುಚ್ಚಾಕೆ ಹೊಸ ಗಂಟೆ, ತೆಗೆಯಾಕೆ ಹಳೇ ಗಂಟೆ. ಮಧ್ಯದಲ್ಲಿ ಷಣ್ಮುಖಪ್ಪನೋರ ನಿದ್ದೆ."

ಮಲ್ಲಾಜಮ್ಮ ತುತ್ತನ್ನು ಬುತ್ತಿಗೇ ಹಾಕಿ ಬೆರಳು ಎಣಿಸಿದಳು. ನಾಲ್ಕು ಗಂಟೆಯ ವಿರಾಮವನ್ನು ಐದು ಮಾಡಿಕೊಂಡಿದ್ದಾನೆ! ಸಂತೆಯಲ್ಲಿ ಕೊಳ್ಳೋಕೊಂದು ಕೊಳಗ, ಮಾರೋಕೊಂದು ಕೊಳಗ ಇಟ್ಟವನನ್ನು ಅವಳು ನೋಡಿದ್ದಳು. ದೇವರ ಹೊತ್ತನ್ನೇ ಹಾಗೆ ಅಳೆಯುವವನನ್ನು ಇವತ್ತೇ ನೋಡಿದ್ದು.

ಬಸ್ಸಿನ ಏಜೆಂಟನ ಗಡಿಯಾರದಲ್ಲಿ ನಾಲ್ಕಾಗುತ್ತಲೇ ಅವಳು ಷಣ್ಮುಖಪ್ಪನ ಜಗಲಿ ಮುಂದೆ ನಿಂತಳು. ಬಸ್ಸಿಗೆ ಕಾದಿದ್ದ ಮೂವತ್ತು ಜನ ಹಿಂದೆ.

"ಎದ್ದೇಳಿ ಸ್ವಾಮಿ, ಸರ್ಕಾರದ ನಾಕಾಯ್ತು!"

ಷಣ್ಮುಖಪ್ಪ ಕಣ್ಣುಜ್ಜಿಕೊಂಡು ಆಕಾಶ ನೋಡಿದ. "ಇನ್ನೂ ಮೂರು ಗಂಟೆ ಬಿಸಿಲಲ್ಲಮ್ಮಾ..."

"ಓಹೋ! ಈಗ ಬಿಸಿಲು ನೋಡ್ತೀರಾ? ಆಗ ನೆರಳು ನೋಡಾಕಿಲ್ಲ ಅಂದ್ರಲ್ಲ! ಹಳೇದಾದ್ರೆ ಹಳೇದು, ಹೊಸದಾದ್ರೆ ಹೊಸದು. ಉಣ್ಣೋ ಬಾಯಿಗೊಂದು, ನಿದ್ದೆಗಣ್ಣಿಗೊಂದು ಗಡಿಯಾರ ಮಡಗಿದ್ದೀರಾ?"

ಜನ ಘೊಳ್ಳೆಂದು ನಕ್ಕರು. ಷಣ್ಮುಖಪ್ಪ ಬೀಗದ ಕೈ ಹಿಡಿದು ಗುಡಿಯ ಕಡೆ ನಡೆದ.

ಬಾಗಿಲೇನೋ ತೆರೆಯಿತು, ಒಳಗೆ ಸಣ್ಣ ಹಣತೆ ಮಾತ್ರ. ಮಲ್ಲಾಜಮ್ಮ ಅರ್ಚಕ ವೀರಭದ್ರಸ್ವಾಮಿಯವರಿಗೆ ಅತ್ತೆಯ ಕಣ್ಣು ತೋರಿಸಿದಳು.

"ಈ ಹೊತ್ತಿಗೆ ದೊಡ್ಡ ಆರತಿ ಪದ್ಧತಿಯಿಲ್ಲ," ಎಂದು ಷಣ್ಮುಖಪ್ಪ ಬಾಯಿ ತೆರೆದ.

"ಮಧ್ಯಾಹ್ನದ ಪೂಜೆ ಬೆಳಿಗ್ಗೆಯೇ ಮುಗಿಸೋ ಪದ್ಧತಿ ಇತ್ತೇನಪ್ಪಾ?" ಎಂದರು ಮುದಿ ಅರ್ಚಕರು. "ನನ್ನ ಕೈಲಿ ಆ ತಪ್ಪು ಮಾಡಿಸಿದ್ದೀಯ. ಪ್ರಾಯಶ್ಚಿತ್ತ ಅಂದ್ಕೊ." ದೊಡ್ಡ ಆರತಿಯ ಹನ್ನೊಂದು ಬತ್ತಿಗೂ ಎಣ್ಣೆ ಬಿದ್ದಿತು.

ದೀಪ ಎದ್ದಿತು. ದೊಡ್ಡತಾಯಮ್ಮ ಕತ್ತು ಚಾಚಿ ತುಂಬ ಹೊತ್ತು ನೋಡಿದಳು. "ಮೀಸೆ ಐತೆ ಕಣೆ," ಎಂದಳು. ಲಿಂಗಕ್ಕೆ ತೊಡಿಸಿದ ಬೆಳ್ಳಿಯ ಮುಖವಾಡದ ಮೀಸೆ. ಬಸ್ಸು ಹತ್ತುವವರೆಗೂ ಅದನ್ನೇ ಹೇಳುತ್ತಿದ್ದಳು.

ಬಸ್ಸು ಹೊರಟಿತು. ಬಂದ ಕೆಲಸ ಆಯಿತು, ಇನ್ನಾದರೂ ಗಂಟು ಮುಖ ಬಿಡಬಾರದೇ ಎಂದು ಕೇಳಿದ ಅತ್ತೆಗೆ ಮಲ್ಲಾಜಮ್ಮ ಹೇಳಿದಳು:

"ನಿಮ್ಗೇನೋ ಮೀಸೆ ಕಂಡ್ತು ಅತ್ತೆ. ಗಾಡಿ ಹೂಡ್ಕೊಂಡು ಹೋದ್ರಲ್ಲ ಮಿರ್ಲೆಯೋರು, ಅವ್ರಿಗೆ ಯಾವ ಗಂಟೇಲಿ ತೆಗೀತಾನೆ ಬಾಗ್ಲ?"