ಯಾವುದು ಬಡ್ಡಿ, ಯಾವುದು ಅಸಲು

ಆ ದಿನ ಬೆಳಿಗ್ಗೆ ವಾಡಿ ಸ್ಟೇಷನ್ನಿಗೆ ಪ್ಯಾಸೆಂಜರ್ ಗಾಡಿ ತಡವಾಗಿ ಬರುವುದಿತ್ತು. ನಾನು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಶಹಾಬಾದಿನ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹೊರಡುವ ಹೊತ್ತಿಗೆ ಒಬ್ಬ ಗಿರಾಕಿಯಿಂದ ಮೆಸೇಜು ಬಂದಿತ್ತು: ‘ಮಷೀನ್ ಮಾರಾಕತ್ತೀನ್ರಿ. ಹನ್ನೊಂದಕ್ಕ ಸೇಡಂದವ್ರು ಬರ್ತಾರ. ಬಂದ ರೊಕ್ಕದಾಗ ಬ್ಯಾಂಕ್ ಸಾಲ ಮುಗಿಸ್ತೀನಿ.’

ಕಳಿಸಿದವರು ಭಂಕೂರದ ಒಬ್ಬ ಹೆಣ್ಣುಮಗಳು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಗಂಡ ತೀರಿದ ಮೇಲೆ ಆರು ಲಕ್ಷ ಸಾಲ ಮಾಡಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಮಷೀನು ತಂದಿದ್ದರು. ಐದು ವರ್ಷಕ್ಕೆ ಅರವತ್ತು ಕಂತು, ತಿಂಗಳಿಗೆ ಹದಿಮೂರು ಸಾವಿರದ ಮುನ್ನೂರ ನಲವತ್ತೇಳು ರೂಪಾಯಿ. ಒಂದೂ ತಪ್ಪಿರಲಿಲ್ಲ. ತೆರಿಗೆ ಲೆಕ್ಕದಲ್ಲಿ ಕಂತಿನ ಬಡ್ಡಿಯ ಭಾಗ ಮಾತ್ರ ಖರ್ಚಿಗೆ ಹೋಗುತ್ತದೆ, ಅಸಲು ಸಾಲದಲ್ಲಿ ಕಡಿಮೆಯಾಗುತ್ತದೆ. ಬಿಡಿಸಿ ಬರೆಯಲು ನಾನು ಕಂತಿನ ಪಟ್ಟಿ ಕೇಳಿದ್ದೆ. ಅವರು ಮೊಬೈಲಿನಲ್ಲಿದ್ದುದರ ಸ್ಕ್ರೀನ್‌ಶಾಟ್ ಕಳಿಸಿದ್ದರು. ಮೇಲಿನ ತಲೆಬರಹದ ಸಾಲು ಅದರಲ್ಲಿ ಬಂದಿರಲಿಲ್ಲ, ಬಲಗಡೆ ಬಾಕಿಯ ಅಂಕಿಗಳು ಅರ್ಧಕ್ಕೆ ಕತ್ತರಿಸಿಹೋಗಿದ್ದವು.

ಮೊದಮೊದಲು ಬಡ್ಡಿಯೇ ಜಾಸ್ತಿ ಇರುತ್ತದೆ ಎಂದು ಎಲ್ಲರೂ ಹೇಳುವ ಮಾತು. ಅದನ್ನೇ ನಂಬಿ ದೊಡ್ಡ ಅಂಕಿಗಳ ಕಾಲಮ್ಮನ್ನು ಬಡ್ಡಿ ಎಂದು ತೆಗೆದುಕೊಂಡೆ. ಮೊದಲ ವರ್ಷದ ಹನ್ನೆರಡು ಕಂತು ಕೂಡಿಸಿ, ತೊಂಬತ್ಮೂರು ಸಾವಿರ ಬಡ್ಡಿ ಎಂದು ನಾಲ್ಕು ದಿನದ ಹಿಂದೆ ಅವರಿಗೆ ಫೋನಿನಲ್ಲಿ ಹೇಳಿದ್ದೆ.

“ಕಟ್ಟಿದ್ದರಾಗ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಯ್ತೇನ್ರಿ?” ಎಂದು ಕೇಳಿ ಅವರು ಫೋನ್ ಇಟ್ಟಿದ್ದರು. ಆ ಪ್ರಶ್ನೆಯ ಅರ್ಥ ನನಗೆ ಈ ಮೆಸೇಜಿನಿಂದ ತಿಳಿಯಿತು.

ಹೇಳಿದ್ದು ಸರಿಯೇ ಎಂದು ನೋಡಲು ಫೋನ್ ತೆಗೆದು ಚಿತ್ರವನ್ನು ಹಿಗ್ಗಿಸಿದೆ. ನಾನು ಬಡ್ಡಿ ಎಂದುಕೊಂಡ ಕಾಲಮ್ಮಿನಲ್ಲಿ 7,347, ಅದರ ಕೆಳಗೆ 7,420, ಆಮೇಲೆ 7,495. ಪಕ್ಕದ್ದು 6,000, 5,927, 5,852. ಸಾಲ ಕರಗುತ್ತಿರುವಾಗ ಬಡ್ಡಿ ಏರುವುದು ಹೇಗೆ? ಅರ್ಧ ಕತ್ತರಿಸಿದ ಬಾಕಿಯಲ್ಲಿ ಲಕ್ಷ, ಸಾವಿರದ ಅಂಕಿಗಳಷ್ಟೇ ಕಾಣುತ್ತಿದ್ದವು: 5,92, 5,85, 5,77. ಪ್ರತಿ ತಿಂಗಳೂ ಏಳು ಸಾವಿರದ ಮೇಲೆ ಇಳಿಯುತ್ತಿತ್ತು. ಬಾಕಿ ಇಳಿದಷ್ಟೇ ಅಸಲು; ಅಂದರೆ ನಾನು ಬಡ್ಡಿ ಎಂದದ್ದೇ ಅಸಲು. ಬಡ್ಡಿ ದರ ವರ್ಷಕ್ಕೆ ಶೇಕಡಾ ಹನ್ನೆರಡು ಎಂದು ಸಾಲದ ಪತ್ರದಲ್ಲಿ ನಾನೇ ಓದಿದ್ದೆ. ತಿಂಗಳಿಗೆ ಶೇಕಡಾ ಒಂದು, ಆರು ಲಕ್ಷಕ್ಕೆ ಆರು ಸಾವಿರ. ಇಷ್ಟು ಸುಲಭದ ಪರೀಕ್ಷೆಯನ್ನೂ ನಾನು ಮಾಡಿರಲಿಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಗಾಡಿ ಬಂದಾಗ ಹತ್ತೂವರೆ. ಶಹಾಬಾದಿನಲ್ಲಿ ಇಳಿದು ಆಫೀಸಿಗೆ ಹೋಗದೆ ಭಂಕೂರದ ಆಟೋ ಹತ್ತಿದೆ. ಸೀಟು ತುಂಬುವತನಕ ಡ್ರೈವರ್ ಹೊರಡಲೊಲ್ಲ. ಖಾಲಿ ಇದ್ದ ಎರಡು ಸೀಟಿನ ದುಡ್ಡೂ ನಾನೇ ಕೊಟ್ಟೆ.

ಶೆಡ್ಡಿನಲ್ಲಿ ಮಷೀನು ಓಡುತ್ತಿತ್ತು. ಸೇಡಂದಿಂದ ಬಂದ ಇಬ್ಬರು ಅದನ್ನು ಪರೀಕ್ಷಿಸುತ್ತಿದ್ದರು. ಆಪಾ ಕಲ್ಲಿನ ಧೂಳು ಕುಳಿತ ಸೆರಗಿನಿಂದ ಕೈ ಒರೆಸುತ್ತ ಹೊರಗೆ ಬಂದರು.

“ಫೋನ್ ಯಾಕ ಎತ್ತಲಿಲ್ರಿ ಆಪಾ?”

“ಈ ಸಪ್ಪಳದಾಗ ಏನ್ ಕೇಳ್ತದರಿ? ಅಡ್ವಾನ್ಸ್ ತೊಗೊಂಡೀನಿ. ಹತ್ತು ಸಾವಿರ.”

“ನಾ ತಪ್ಪು ಹೇಳಿದ್ದೆ. ಉಲ್ಟಾ ಓದಿದ್ದೆ. ನಿಮ್ಮ ಬಡ್ಡಿ ವರ್ಷಕ್ಕ ಅರವತ್ತೇಳು ಸಾವಿರದ ಹತ್ರ. ತೊಂಬತ್ಮೂರು ಸಾವಿರ ಅಸಲಿಗೆ ಹೋಗ್ಯಾದ.”

ಅವರು ನನ್ನ ಮುಖವನ್ನೇ ನೋಡಿದರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಕಣ್ಣಲ್ಲಿ ಕಂಡದ್ದು ಸಿಟ್ಟು.

“ನಾಕ್ ದಿನ ಆತು, ನಿದ್ದಿ ಇಲ್ಲ ನನಗ. ನಿಮ್ಮ ಒಂದ್ ಮಾತಿಗೆ ಮನಿ ಮಂದಿ ಎಲ್ಲಾ ಮಾರು ಮಾರು ಅಂದ್ರು. ಕಲಿತವ್ರು ಹೇಳಿದ್ರಂತ ನಾನೂ ನಂಬಿದೆ.”

ತಪ್ಪಾಯ್ತು ಎಂದೆ. ಅವರು ತಮ್ಮ ಫೋನ್ ನನ್ನ ಕೈಗೆ ಕೊಟ್ಟು, “ಪೂರಾ ತೆಗೀರಿ ಪಟ್ಟಿ. ನನಗೂ ತೋರಸ್ರಿ,” ಎಂದರು. ಮೇಲಕ್ಕೆ ಸರಿಸಿದೆ. ಅಸಲು, ಬಡ್ಡಿ, ಬಾಕಿ ಎಂದು ತಲೆಬರಹ ಕಂಡಿತು. ಒಂದೊಂದು ಕಂತಿನ ಮೇಲೂ ಬೆರಳಿಟ್ಟು, ಎರಡು ಅಂಕಿ ಕೂಡಿದರೆ ಹದಿಮೂರು ಸಾವಿರದ ಮುನ್ನೂರ ನಲವತ್ತೇಳು ಬರುವುದನ್ನು ಅವರೇ ಲೆಕ್ಕ ಹಾಕಿ ನೋಡಿದರು. ಹನ್ನೆರಡನೆಯ ಸಾಲಿನಲ್ಲಿ ಬಾಕಿ ಐದು ಲಕ್ಷ ಏಳು ಸಾವಿರದ ಹತ್ತಿರವಿತ್ತು.

ಆಮೇಲೆ ಒಳಗೆ ಹೋಗಿ ಮಷೀನು ನಿಲ್ಲಿಸಿ, ಮಾರುವುದಿಲ್ಲ ಎಂದರು. ಸೇಡಂದವರು ಸುಮ್ಮನೆ ಬಿಡಲಿಲ್ಲ. ಬಂದು ಹೋದ ಖರ್ಚೆಂದು ಸಾವಿರ ರೂಪಾಯಿ ಕೇಳಿದರು. ಆಪಾ ಅಡ್ವಾನ್ಸಿನ ಜೊತೆ ಅದನ್ನೂ ಎಣಿಸಿ ಕೊಟ್ಟರು. ನಾನು ಪರ್ಸ್ ತೆಗೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು, “ಇರ್ಲಿ ಬಿಡ್ರಿ,” ಎಂದರು. ದನಿಯಲ್ಲಿ ಬಿರುಸು ಹಾಗೇ ಇತ್ತು.

ಮಧ್ಯಾಹ್ನ ಆಫೀಸಿಗೆ ಹೋಗಿ ನಮ್ಮ ಸಾಹೇಬರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. “ರಿಟರ್ನ್ ಇನ್ನೂ ಕಳಿಸಿಲ್ಲ, ತಿದ್ದು,” ಎಂದಷ್ಟೇ ಅಂದರು. ಹನ್ನೆರಡು ಕಂತುಗಳನ್ನೂ ಅಳಿಸಿ ಮತ್ತೆ ಬರೆದೆ. ಬಡ್ಡಿ ಕಡಿಮೆಯಾದಷ್ಟು ಲೆಕ್ಕದಲ್ಲಿ ಆಪಾ ಅವರ ಲಾಭ ಹೆಚ್ಚಾಯಿತು. ಅದನ್ನು ತಿಳಿಸಲು ಫೋನ್ ಮಾಡಿದೆ. ಹತ್ತು ಸಲ ರಿಂಗಾಯಿತು. ಎತ್ತಲಿಲ್ಲ. ಮಷೀನು ಓಡುತ್ತಿರಬೇಕು ಎಂದುಕೊಂಡೆ. ಇಲ್ಲವೆ ನನ್ನ ಜೊತೆ ಮಾತು ಬೇಡವೆನಿಸಿರಬೇಕು.